ಮೆಲ್ಬರ್ನ್ ಕ್ಲೈಂಟು, ಸ್ಯಾನ್ ಫ್ರಾನ್ಸಿಸ್ಕೊ ಕ್ಲೈಂಟು: ಇಬ್ಬರಿಗೂ ಹೊಂದೋ ಟೈಮು ಬಳ್ಳಾರಿಯಿಂದ ಹೆಂಗೆ ಹಿಡೀಬೇಕು?

ಕೋಟೆ ಕೆಳಗಿನ ಮನೆ (ಬಳ್ಳಾರಿ), ಸೆಪ್ಟೆಂಬರ್ 19, 2026

ಎಲ್ರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಮನೆಯಿಂದ್ಲೇ ವೆಬ್‌ಸೈಟ್ ಕೆಲಸ ಮಾಡ್ತೀನಿ. ಒಂದೂವರೆ ವರ್ಷದಿಂದ ಮೆಲ್ಬರ್ನ್‌ನ ಒಂದು ಸಣ್ಣ ಏಜೆನ್ಸಿ ಕೆಲಸ ಕೊಡ್ತಿದೆ. ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದವರು ಒಬ್ರು ಸಿಕ್ರು. ಮೆಲ್ಬರ್ನ್‌ನವರು ದಿನಾ 3 ಗಂಟೆ ತಮ್ಮ ಆಫೀಸ್ ಟೈಮಲ್ಲಿ ಸಿಗಬೇಕು ಅಂತಾರೆ, ಅದರೊಳಗೇ ಅವರ ಗಡಿಯಾರದ 11:30ಕ್ಕೆ ಹದಿನೈದು ನಿಮಿಷದ ಸ್ಟ್ಯಾಂಡಪ್. ಸ್ಯಾನ್ ಫ್ರಾನ್ಸಿಸ್ಕೊದವರು ದಿನಾ 2 ಗಂಟೆ ಕೇಳ್ತಾರೆ. ಇಬ್ಬರ ಆಫೀಸೂ 9ರಿಂದ 5.

ಮೂವರೂ ಎಚ್ಚರ ಇರೋ ಟೈಮು ಹುಡುಕ್ತಾ ಒಂದು ತಿಂಗಳು ಕಳೀತು. ಸಿಗ್ತಾ ಇಲ್ಲ. ಮೊದಲ ದಿನವೇ ಒಂದು ಎಡವಟ್ಟೂ ಆಯ್ತು. ಅವರು ಮೆಸೇಜಲ್ಲಿ `Daily sync 9 AM PST` ಅಂತ ಹಾಕಿದ್ರು. ನಾನು ಪಿಎಸ್‌ಟಿ ಅಂದ್ರೆ ನಮಗೆ ರಾತ್ರಿ ಎಷ್ಟು ಅಂತ ಹುಡುಕಿ, 10:30 ಅಂತ ಬಂದದ್ದನ್ನ ಬರೆದಿಟ್ಕೊಂಡು, ಸರಿಯಾಗಿ 10:30ಕ್ಕೆ ಕೂತೆ. ಅವರು 9:30ರಿಂದ್ಲೇ ಕಾದು ಎದ್ದು ಹೋಗಿದ್ರು. ಎಲ್ಲಿ ತಪ್ಪಿದೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ಈ ಥರ ಎರಡು ಕಡೆ ಮಾಡಿದವರು ಯಾರಾದ್ರೂ ಇದ್ರೆ ಹೇಳ್ರಿ, ಪ್ಲೀಸ್.

ಭಾನಾಪುರ ಗೇಟ್ (ಕೊಪ್ಪಳ)

ಯಾವ ಕಂಪನಿ ಅಕ್ಕಾರ? ನೈಟ್ ಶಿಫ್ಟಿಗೆ ಅಲೊವೆನ್ಸ್ ಬ್ಯಾರೆ ಕೊಡ್ತಾರೇನ್ರಿ? ನನ್ನ ತಮ್ಮ ಬೆಂಗಳೂರಾಗ ಹಂಗ ಮಾಡ್ತಾನ, ಕ್ಯಾಬೂ ಕಳಸ್ತಾರ.

ಕೋಟೆ ಕೆಳಗಿನ ಮನೆ

ಕಂಪನಿ ಅಲ್ಲಣ್ಣ, ಫ್ರೀಲಾನ್ಸ್. ಅಲೊವೆನ್ಸ್ ಇಲ್ಲ, ಕ್ಯಾಬೂ ಇಲ್ಲ, ನಾನು ನಮ್ಮ ಅಟ್ಟದ ರೂಮಲ್ಲೇ ಇರ್ತೀನಿ.

ಗಂಗಾವತಿ ಸೋನಾ

ಇದ್ರಾಗ ತಲಿ ಕೆಡಿಸ್ಕೊಳ್ಳೋದೇನೈತಿ? ಆಸ್ಟ್ರೇಲಿಯಾ ನಮಗಿಂತ ನಾಲ್ಕೂವರೆ ತಾಸು ಮುಂದ, ಕ್ಯಾಲಿಫೋರ್ನಿಯಾ ಹನ್ನೆರಡೂವರೆ ತಾಸು ಹಿಂದ. ಅವರ 9ರಿಂದ 5 ನಮಗ ನಸುಕಿನ 4:30ರಿಂದ ಮಧ್ಯಾಹ್ನ 12:30. ಇವರ 9ರಿಂದ 5 ನಮಗ ರಾತ್ರಿ 9:30ರಿಂದ ನಸುಕಿನ 5:30. ಎರಡೂ ಕೂಡೋದು 4:30ರಿಂದ 5:30, ಒಂದ ತಾಸು. ದಿನಾ ನಸುಕಿನ್ಯಾಗ ನಾಲ್ಕಕ್ಕ ಏಳ್ರಿ, ಆ ತಾಸು ಹಿಡೀರಿ. ಮುಗೀತು.

ಮಾವಿನಕೆರೆ ದಂಡೆ (ರಾಯಚೂರು)

ಸೋನಾ ಅವರ ಲೆಕ್ಕ ಇವತ್ತಿಗೆ ಸರಿ ಅದ. ಆದ್ರ ಎರಡು ಕಡೆ ತಪ್ಪು ದಾರಿ ಹಿಡೀತದ. ನಾನು ಹನ್ನೊಂದು ವರ್ಷದಿಂದ ಹೊರದೇಶದ ಕೆಲಸನೇ ಮಾಡ್ತಾ ಇದೀನಿ, ಅದರಾಗ ನಾಲ್ಕು ವರ್ಷ ಹೆಚ್ಚೂಕಮ್ಮಿ ನಿಮ್ಮಂಥದೇ ಜೋಡಿ. ಸಾವಕಾಶ ಹೇಳ್ತೀನಿ.

ಮೊದಲನೇದು. ತಂಗಿ, ನೀವು ಹುಡುಕ್ತಾ ಇರೋ ಗಂಟೆ ನಿಮಗ ಬೇಕಾಗೇ ಇಲ್ಲ. ಮೆಲ್ಬರ್ನ್‌ನವರಿಗೆ ಸ್ಯಾನ್ ಫ್ರಾನ್ಸಿಸ್ಕೊದವರು ಯಾರು ಅಂತಾನೇ ಗೊತ್ತಿಲ್ಲ. ಮೂವರೂ ಒಂದೇ ಕಾಲ್‌ನಲ್ಲಿ ಕೂಡೋದಿಲ್ಲ. ನಿಮಗ ಬೇಕಿರೋದು ಎರಡು ಬೇರೆ ಬೇರೆ ಕಿಟಕಿ: ನೀವೂ ಮೆಲ್ಬರ್ನೂ ಸಿಗೋ 3 ಗಂಟೆ, ನೀವೂ ಸ್ಯಾನ್ ಫ್ರಾನ್ಸಿಸ್ಕೊನೂ ಸಿಗೋ 2 ಗಂಟೆ. ಒಂದೇ ಗಂಟೆಯೊಳಗ ಇಬ್ಬರಿಗೂ ಕೊಟ್ರೆ ಇಬ್ಬರ ಮೆಸೇಜೂ ಒಟ್ಟಿಗೇ ಬರ್ತಾವ, ಯಾರಿಗೂ ಪೂರಾ ಸಿಗೋದಿಲ್ಲ. ಆ 4:30–5:30ರ ಗಂಟೆನ ಬಿಟ್ಟೇ ಬಿಡ್ರಿ.

ಈ ತಿಂಗಳಿಗೆ ನಿಮ್ಮ ಲೆಕ್ಕ ಹಿಂಗ ಇಡಬಹುದು. ಬೆಳಿಗ್ಗೆ 7ರಿಂದ 10 ಮೆಲ್ಬರ್ನ್‌ಗೆ. ಅವರಿಗೆ ಆಗ 11:30ರಿಂದ 2:30, ನಿಮ್ಮ ಸ್ಟ್ಯಾಂಡಪ್ ಸರಿಯಾಗಿ ಶುರುವಿಗೇ ಬೀಳ್ತದ. ರಾತ್ರಿ 9:30ರಿಂದ 11:30 ಸ್ಯಾನ್ ಫ್ರಾನ್ಸಿಸ್ಕೊಗೆ. ಅವರಿಗೆ ಬೆಳಿಗ್ಗೆ 9ರಿಂದ 11. ಹನ್ನೆರಡಕ್ಕೆ ಮಲಗಿ ಆರೂವರೆಗೆ ಎದ್ರೆ ಆರೂವರೆ ತಾಸು ನಿದ್ದಿ. ಮಧ್ಯಾಹ್ನ ಒಂದು ತಾಸು ಕಣ್ಣು ಮುಚ್ಚಬಹುದು.

ಎರಡನೇದು, ಇದೇ ದೊಡ್ಡದು. ನಾಲ್ಕೂವರೆ, ಹನ್ನೆರಡೂವರೆ ಅನ್ನೋ ಅಂಕಿ ವರ್ಷಪೂರ್ತಿ ನಿಲ್ಲೋದಿಲ್ಲ. ನಮ್ಮ ಗಡಿಯಾರ ಅಲ್ಲಾಡೋದಿಲ್ಲ, ಅವರದ್ದು ಎರಡೂ ಅಲ್ಲಾಡ್ತಾವ. ನಿಮ್ಮ ಎಡವಟ್ಟು ಆಗಿದ್ದೂ ಅದಕ್ಕೇ. ಪಿಎಸ್‌ಟಿ ಅಂದ್ರ ಅವರ ಚಳಿಗಾಲದ ಟೈಮು. ಆಗಸ್ಟ್‌ನಲ್ಲಿ ಅವರು ಇರೋದು ಪಿಡಿಟಿಯೊಳಗ, ಅದು ಒಂದು ಗಂಟೆ ಮುಂದ. ಅಲ್ಲಿನ ಜನ ರೂಢಿಯಿಂದ ವರ್ಷಪೂರ್ತಿ ಪಿಎಸ್‌ಟಿ ಅಂತಾನೇ ಬರೀತಾರ. ನೀವು ಅವರ ಅಕ್ಷರ ನಂಬಿದ್ರಿ, ಅವರು ತಮ್ಮ ಗೋಡೆ ಗಡಿಯಾರ ನೋಡಿದ್ರು. ಇನ್ನು ಮ್ಯಾಲೆ ಆ ಮೂರಕ್ಷರ ನಂಬಬ್ಯಾಡ್ರಿ, ಊರ ಹೆಸರು ಹಾಕಿ ಕೇಳ್ರಿ. "ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಳಿಗ್ಗೆ 9, ಅಂದ್ರೆ ನನಗೆ ರಾತ್ರಿ 9:30, ಸರಿನಾ?" ಅಂತ ಎರಡೂ ಬರೆದು ಕಳಿಸ್ರಿ. ತಪ್ಪಿದ್ರೆ ಅಲ್ಲೇ ಸಿಕ್ಕಿಬೀಳ್ತದ.

ಗಂಗಾವತಿ ಸೋನಾ

ಅಮೆರಿಕಾದ್ದು ಒಪ್ಪಿದೆ. ಆಸ್ಟ್ರೇಲಿಯಾ ಬದಲಾಗೂದಿಲ್ರಿ. ನಮ್ಮ ಅಣ್ಣ ಬ್ರಿಸ್ಬೇನ್‌ನಾಗ ಆರು ವರ್ಷದಿಂದ ಅದಾನ. ಯಾವಾಗ ಫೋನ್ ಮಾಡಿದ್ರೂ ನಾಲ್ಕೂವರೆ ತಾಸೇ ಫರಕು. ಒಮ್ಮೆನೂ ಗಡಿಯಾರ ತಿರುಗಿಸಿಲ್ಲಂತ.

ಮಾವಿನಕೆರೆ ದಂಡೆ

ನಿಮ್ಮ ಅಣ್ಣ ಹೇಳಿದ್ದು ನಿಜ, ಅವರ ಊರಿಗೆ ಮಾತ್ರ. ಬ್ರಿಸ್ಬೇನ್ ಇರೋದು ಕ್ವೀನ್ಸ್‌ಲ್ಯಾಂಡ್ ರಾಜ್ಯದಾಗ, ಅಲ್ಲಿ ಗಡಿಯಾರ ತಿರುಗಿಸೋದಿಲ್ಲ. ಮೆಲ್ಬರ್ನ್ ಇರೋದು ವಿಕ್ಟೋರಿಯಾದಾಗ, ಅಲ್ಲಿ ತಿರುಗಿಸ್ತಾರ. ಸಿಡ್ನಿನೂ ಹಂಗೇ. ಅಕ್ಟೋಬರ್ ಮೊದಲ ಭಾನುವಾರ ಒಂದು ಗಂಟೆ ಮುಂದೆ, ಏಪ್ರಿಲ್ ಮೊದಲ ಭಾನುವಾರ ವಾಪಸ್. ಅದಕ್ಕೇ ಫೋನಿನಾಗ ಟೈಮ್ ಝೋನ್ ಆರಿಸುವಾಗ ಬ್ರಿಸ್ಬೇನ್ ಒತ್ತಿದ್ರೆ ಮೆಲ್ಬರ್ನ್‌ಗೆ ಅರ್ಧ ವರ್ಷ ತಪ್ಪು ತೋರಿಸ್ತದ.

ಗಂಗಾವತಿ ಸೋನಾ

ಹಂಗಾದ್ರ ತಪ್ಪು ನನ್ನದೇ. ಆದ್ರ ಇಬ್ಬರೂ ಒಂದೊಂದು ತಾಸು ಮುಂದ ಹೋದ್ರ ಫರಕು ಅಷ್ಟೇ ಉಳೀತದಲ್ಲ?

ಮಾವಿನಕೆರೆ ದಂಡೆ

ಇಲ್ರೀ. ಒಬ್ಬರಿಗೆ ಬೇಸಿಗೆ ಶುರುವಾದಾಗ ಇನ್ನೊಬ್ಬರಿಗೆ ಚಳಿಗಾಲ. ಆಸ್ಟ್ರೇಲಿಯಾ ಮುಂದೆ ಹೋದ ನಾಲ್ಕು ವಾರಕ್ಕೆ ಅಮೆರಿಕಾ ಹಿಂದೆ ಬರ್ತದ. ಅಂದ್ರ ಒಂದು ಆ ಕಡೆ ಎಳೀತದ, ಒಂದು ಈ ಕಡೆ. ಈ ವರ್ಷ ಮೆಲ್ಬರ್ನ್ ಅಕ್ಟೋಬರ್ 4ಕ್ಕೆ, ಸ್ಯಾನ್ ಫ್ರಾನ್ಸಿಸ್ಕೊ ನವೆಂಬರ್ 1ಕ್ಕೆ. ಮುಂದೆ ಅಮೆರಿಕಾ ಮಾರ್ಚ್ ಎರಡನೇ ಭಾನುವಾರ, ಆಸ್ಟ್ರೇಲಿಯಾ ಏಪ್ರಿಲ್ ಮೊದಲ ಭಾನುವಾರ. ವರ್ಷಕ್ಕೆ ನಾಲ್ಕು ಸಲ ನಿಮ್ಮ ಪಟ್ಟಿ ತಿದ್ದಬೇಕು.

ಕೋಟೆ ಕೆಳಗಿನ ಮನೆ

ಸರ್, ಈಗ ಅರ್ಥ ಆಯ್ತು. ಹೋದ ವರ್ಷ ಅಕ್ಟೋಬರ್‌ನಲ್ಲಿ ಮೆಲ್ಬರ್ನ್‌ನವರು ಸ್ಟ್ಯಾಂಡಪ್ ಮುಗಿಸಿದ ಮೇಲೆ ನಾನು ಬಂದೆ ಅಂತ ಬೇಜಾರು ಮಾಡ್ಕೊಂಡಿದ್ರು. ಅವರೇ ಟೈಮ್ ಬದಲಾಯಿಸಿ ನನಗೆ ಹೇಳಿಲ್ಲ ಅನ್ಕೊಂಡಿದ್ದೆ. ಹಂಗಾದ್ರೆ ಅಕ್ಟೋಬರ್ 4 ಆದ್ಮೇಲೆ ನಾನು ಎಷ್ಟಕ್ಕೆ ಏಳಬೇಕು? ಬೆಳಿಗ್ಗೆ 6ಕ್ಕೆ ನಮ್ಮ ಓಣಿಗೆ ನಳ ಬರ್ತದೆ. ನಳ ಬಂದ ದಿನ ನೀರು ಹಿಡಿಯೋದು ನಾನೇ.

ಮಾವಿನಕೆರೆ ದಂಡೆ

ಎರಡು ಮಾತು ಬೇರೆ ಮಾಡ್ಕೊಳ್ರಿ. ನಿಮ್ಮ 7ರಿಂದ 10ರ ಕಿಟಕಿ ಅಲ್ಲಾಡಿಸೋದು ಬ್ಯಾಡ. ಅಕ್ಟೋಬರ್ 4 ಆದ ಮ್ಯಾಲೆ ಅದು ಅವರಿಗೆ 12:30ರಿಂದ 3:30 ಆಗ್ತದ, ಆಫೀಸ್ ಟೈಮಿನೊಳಗೇ ಇರ್ತದ. ಅಲ್ಲಾಡೋದು ಸ್ಟ್ಯಾಂಡಪ್. ಅದು ಅವರ 11:30ಕ್ಕೆ ಗಟ್ಟಿಯಾಗಿ ಕೂತದ, ನಿಮಗ 7 ಇದ್ದದ್ದು 6 ಆಗ್ತದ. ಅದನ್ನ ಅವರ 12:30ಕ್ಕೆ ಸರಿಸ್ತೀರಾ ಅಂತ ಈಗಲೇ ಕೇಳ್ರಿ. ಊಟದ ಟೈಮು ಅಂತ ಒಲ್ಲೆ ಅಂದ್ರೆ, ನಳದ ದಿನಕ್ಕೆ ಮನ್ಯಾಗ ಯಾರಿಗಾದ್ರೂ ಹೇಳಿಡ್ರಿ.

ನವೆಂಬರ್ 1ಕ್ಕೆ ನಿಜವಾದ ಪ್ರಶ್ನೆ ಬರ್ತದ. ಸ್ಯಾನ್ ಫ್ರಾನ್ಸಿಸ್ಕೊದ 9 ಗಂಟೆ ನಿಮಗ ರಾತ್ರಿ 10:30 ಆಗ್ತದ. ಹಳೇ ಪದ್ಧತಿಯೊಳಗೇ ಹೋದ್ರ 12:30ಕ್ಕೆ ಕಾಲ್ ಮುಗಿಸಿ, ಒಂದಕ್ಕೆ ಮಲಗಿ, 5:30ಕ್ಕೆ ಸ್ಟ್ಯಾಂಡಪ್‌ಗೆ ಏಳಬೇಕು. ನಾನು ಹಂಗ ಒಂದು ಚಳಿಗಾಲ ಪೂರಾ ಮಾಡಿ ಮೈ ಕೆಡಿಸ್ಕೊಂಡೆ.

ಆಮ್ಯಾಲೆ ತಿಳೀತು: ಚಳಿಗಾಲಕ್ಕೆ ಅವರ ಬೆಳಿಗ್ಗೆ ಹಿಡಿಯೋ ಬದಲು ಅವರ ಸಂಜೆ ಹಿಡೀಬೇಕು. ನವೆಂಬರ್‌ನಿಂದ ಮಾರ್ಚ್‌ವರೆಗೆ ಅವರ ಮಧ್ಯಾಹ್ನ 3ರಿಂದ 5 ನಮಗ ನಸುಕಿನ 4:30ರಿಂದ 6:30. ಅದು ಮುಗಿದ ಕೂಡ್ಲೇ 6:30ರಿಂದ 9:30 ಮೆಲ್ಬರ್ನ್, ಅವರಿಗೆ ಮಧ್ಯಾಹ್ನ 12ರಿಂದ 3. ಎರಡೂ ಕೆಲಸ ಒಂದಕ್ಕೊಂದು ಅಂಟಿಕೊಂಡು ಬರ್ತಾವ, ಐದು ಗಂಟೆ, ಒಂದೇ ಸಲ. ರಾತ್ರಿ 8:30ಕ್ಕೆ ಮಲಗಿದ್ರೆ 4ಕ್ಕೆ ಏಳೂವರೆ ತಾಸಿನ ನಿದ್ದಿ ಆಗಿರ್ತದ. ಸ್ಟ್ಯಾಂಡಪ್ ಮಾತ್ರ ಇಲ್ಲಿ ಅಡ್ಡ ಬರ್ತದ: ಅವರ 11:30 ಅಂದ್ರ ನಿಮ್ಮ 6 ಗಂಟೆ, ಸ್ಯಾನ್ ಫ್ರಾನ್ಸಿಸ್ಕೊ ಕಿಟಕಿಯ ಒಳಗೇ ಬೀಳ್ತದ. ಅದಕ್ಕೂ 12:30 ಕೇಳೋದೇ ಮದ್ದು.

ಬೇಸಿಗೆಗೆ ಈ ಪದ್ಧತಿ ನಡೆಯೋದಿಲ್ಲ. ಆಗ ಅವರ 3ರಿಂದ 5 ನಮಗ 3:30ರಿಂದ 5:30 ಆಗ್ತದ, ಎರಡೂವರೆ-ಮೂರಕ್ಕೆ ಏಳಬೇಕು. ಅದಕ್ಕ ಮಾರ್ಚ್ ಎರಡನೇ ವಾರ ಮತ್ತೆ ರಾತ್ರಿ 9:30ಕ್ಕೆ ವಾಪಸ್.

ಸಿಂಧನೂರು ಕಾಲುವೆ

ದಂಡೆ ಸರ್ ಚಳಿಗಾಲದ ಲೆಕ್ಕದಾಗ ಒಂದು ಮಾತು ಬಿಟ್ರು. ವಾರ! ಸೋಮವಾರ ನಸುಕಿನ 4:30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಾಗ ಇನ್ನೂ ಭಾನುವಾರ. ಯಾರೂ ಇರೋದಿಲ್ಲ. ಅವರ ಶುಕ್ರವಾರದ ಸಂಜೆ ನಮಗ ಶನಿವಾರ ನಸುಕು. ಹಂಗಾಗಿ ಅವರ ವಾರ ನಿಮಗ ಮಂಗಳವಾರದಿಂದ ಶನಿವಾರ, ಮೆಲ್ಬರ್ನ್‌ದು ಸೋಮವಾರದಿಂದ ಶುಕ್ರವಾರ. ಆರು ದಿನ ಏಳಬೇಕು. ನಾನು ಹಿಂಗ ಗೊತ್ತಿಲ್ದೆ ಶನಿವಾರ ನಮ್ಮ ಅಕ್ಕನ ಮಗಳ ನಿಶ್ಚಯಕ್ಕೆ ಹೊರಟಾಗ ಅವರ ಶುಕ್ರವಾರದ ರಿವ್ಯೂ ಕಾಲ್ ಬಂತು. ಬಸ್ಸಿನಾಗ ಕೂತು ಮಾತಾಡಿದೆ, ಅರ್ಧಕ್ಕೆ ನೆಟ್‌ವರ್ಕ್ ಹೋತು.

ಮಾವಿನಕೆರೆ ದಂಡೆ

ಸರಿಯಾಗಿ ಹಿಡಿದ್ರಿ, ನಾನು ಬಿಟ್ಟಿದ್ದೆ. ರಾತ್ರಿ ಪದ್ಧತಿಯೊಳಗ ಈ ತೊಂದರೆ ಇಲ್ಲ, ರಾತ್ರಿ 9:30ಕ್ಕೆ ಇಬ್ಬರಿಗೂ ಅದೇ ವಾರ. ನಸುಕಿನ ಪದ್ಧತಿಗೆ ಮಾತ್ರ.

ಅಟ್ಟದ ಮೇಲಿನ ಮೇಜು (ಹೊಸಪೇಟೆ ರಸ್ತೆ, ಬಳ್ಳಾರಿ)

ನಾನು ಒಪ್ಪಲ್ಲ. ಇಷ್ಟೆಲ್ಲ ಗಡಿಯಾರ ತಿರುಗಿಸೋದಕ್ಕಿಂತ ಓವರ್‌ಲ್ಯಾಪ್ ಅನ್ನೋದನ್ನೇ ಕಮ್ಮಿ ಮಾಡ್ಸಿ. ನಾನು ಕೆಲಸ ಮುಗಿಸಿ ಐದು ನಿಮಿಷದ ಸ್ಕ್ರೀನ್ ರೆಕಾರ್ಡಿಂಗ್ ಕಳಿಸ್ತೀನಿ, ಅವರು ಅವರ ಬೆಳಿಗ್ಗೆ ನೋಡಿ ಉತ್ತರ ಬರೀತಾರೆ. ವಾರಕ್ಕೆ ಒಂದೇ ಕಾಲ್. ಮೂರು ವರ್ಷದಿಂದ ಹಂಗೇ ನಡೀತಿದೆ. ದಿನಾ ಎದುರಿಗೆ ಕೂರಬೇಕು ಅನ್ನೋ ಕ್ಲೈಂಟ್‌ಗೆ ನೌಕರರು ಬೇಕಿರುತ್ತೆ, ಫ್ರೀಲಾನ್ಸರ್ ಅಲ್ಲ.

ಸಿಂಧನೂರು ಕಾಲುವೆ

ನಿಮ್ಮದು ಡಿಸೈನ್ ಇರಬೇಕು. ವೆಬ್‌ಸೈಟ್ ಲೈವ್ ಮಾಡೋ ದಿನ ಏನಾದ್ರೂ ಮುರಿದ್ರ ರೆಕಾರ್ಡಿಂಗ್ ಕಳಿಸ್ಕೋತ ಕೂಡೋಕಾಗ್ತದೇನು? ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಒಂದು ದಿನ ಕಾಯಬೇಕು. ಮೂರು ಪ್ರಶ್ನೆ ಇದ್ರ ವಾರನೇ ಹೋತು.

ಅಟ್ಟದ ಮೇಲಿನ ಮೇಜು

ಡಿಸೈನೇ, ಸರಿ. ಲೈವ್ ದಿನಕ್ಕೆ ಬೇರೆ ಟೈಮ್ ಕೊಡೋಣ. ಆದ್ರೆ ಕೋಟೆಯವರು ಒಪ್ಪಂದದಲ್ಲಿ ಏನಿದೆ ಅಂತ ನೋಡಿದ್ರಾ? 2 ಗಂಟೆ ಕಾಲ್‌ನಲ್ಲಿ ಕೂರಬೇಕೋ, ಇಲ್ಲಾ 2 ಗಂಟೆ ಮೆಸೇಜ್‌ಗೆ ತಕ್ಷಣ ಉತ್ತರ ಕೊಟ್ರೆ ಸಾಕೋ? ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಎರಡನೇದಾದ್ರೆ ಮೊಬೈಲ್ ಪಕ್ಕದಲ್ಲಿಟ್ಕೊಂಡು ರೊಟ್ಟಿ ಮಾಡ್ತಾನೂ ಇರಬಹುದು.

ಕೋಟೆ ಕೆಳಗಿನ ಮನೆ

ಒಪ್ಪಂದದಲ್ಲಿ `2 hours overlap` ಅಂತ ಇಷ್ಟೇ ಐತೆ. ಕೇಳ್ತೀನಿ ಅಕ್ಕ, ಒಳ್ಳೆ ಮಾತು ಹೇಳಿದ್ರಿ.

ಜೀನ್ಸ್ ಹೊಲಿಗೆ (ಬಳ್ಳಾರಿ)

ನಂದು ಜೀನ್ಸ್ ಯೂನಿಟ್, ಕಂಪ್ಯೂಟರ್ ಕೆಲಸ ಅಲ್ಲ. ಲಂಡನ್‌ನ ಒಬ್ಬ ಬಯರ್ ಜೊತೆ ಪ್ರತಿ ಬುಧವಾರ ಮಧ್ಯಾಹ್ನ 2:30ಕ್ಕೆ ವಿಡಿಯೋ ಕಾಲ್, ಅವರಿಗೆ ಬೆಳಿಗ್ಗೆ 10. ಕ್ಯಾಲೆಂಡರ್‌ನಲ್ಲಿ ನಾನೇ ಹಾಕಿದ್ದೆ, ಪ್ರತಿ ವಾರ ತಾನಾಗೇ ಬರೋ ಹಾಗೆ. ಅಕ್ಟೋಬರ್ ಕೊನೇ ಭಾನುವಾರ ಅವರ ಗಡಿಯಾರ ಹಿಂದೆ ಹೋಯ್ತು. ನಂದು 2:30ಕ್ಕೇ ನಿಂತಿತ್ತು, ಅವರ ಕ್ಯಾಲೆಂಡರ್‌ನಲ್ಲಿ 9 ಗಂಟೆಗೆ ಸರಿದಿತ್ತು. ಆ ಮನುಷ್ಯ ಇನ್ನೂ ರೈಲಲ್ಲಿದ್ದ. ನಾನು ಸ್ಯಾಂಪಲ್ ಪ್ಯಾಂಟ್ ಹಿಡ್ಕೊಂಡು ಕ್ಯಾಮೆರಾ ಎದುರಿಗೆ ಮುಕ್ಕಾಲು ಗಂಟೆ ನಿಂತಿದ್ದೆ.

ಮಾವಿನಕೆರೆ ದಂಡೆ

ಅಣ್ಣಾರ, ಇದು ಬರೀ ಜೀನ್ಸಿಂದಲ್ಲ, ಎಲ್ಲರಿಗೂ ಬೀಳೋ ಹೊಡ್ತ. ಪ್ರತಿ ವಾರ ಬರೋ ಮೀಟಿಂಗು ಯಾವ ಊರಿನ ಟೈಮಿನಾಗ ಹಾಕಿದಾರೋ ಆ ಊರಿಗೆ ಅಂಟಿಕೊಂಡಿರ್ತದ. ನೀವು ಇಲ್ಲಿಯ ಟೈಮಿನಾಗ ಹಾಕಿದ್ರಿ, ಅದಕ್ಕ ನಿಮಗ ಅಲ್ಲಾಡಲಿಲ್ಲ, ಅವರಿಗೆ ಅಲ್ಲಾಡ್ತು. ಮೀಟಿಂಗ್ ಮಾಡುವಾಗ ಟೈಮ್ ಪಕ್ಕದಾಗ ಟೈಮ್ ಝೋನ್ ಅಂತ ಇರ್ತದ, ಅಲ್ಲಿ ಕ್ಲೈಂಟಿನ ಊರು ಆರಿಸ್ರಿ. ಆಗ ಅವರಿಗೆ ಅವರ ಟೈಮು ನಿಲ್ತದ, ಬದಲಾಗೋದು ನಮಗ, ಮತ್ತು ನಮ್ಮ ಕ್ಯಾಲೆಂಡರ್ ಮೊದಲೇ ತೋರಿಸ್ತದ.

ತಂಗಿ, ನೀವು ಈಗಲೇ ಕ್ಯಾಲೆಂಡರ್ ತೆಗೆದು ಅಕ್ಟೋಬರ್ 5ಕ್ಕೂ ನವೆಂಬರ್ 2ಕ್ಕೂ ಹೋಗಿ ನೋಡ್ರಿ. ಸ್ಟ್ಯಾಂಡಪ್ 6ಕ್ಕೆ ಸರಿದಿದ್ರೆ ಅದು ಮೆಲ್ಬರ್ನ್ ಟೈಮಿನಾಗ ಅದ, ಸರಿ. 7ಕ್ಕೇ ನಿಂತಿದ್ರೆ ಅದನ್ನ ನೀವೇ ಇಲ್ಲಿಯ ಟೈಮಿನಾಗ ಹಾಕಿಟ್ಟೀರಿ. ಲಿನಕ್ಸ್ ಇದ್ರ ಟರ್ಮಿನಲ್‌ನಾಗ ಹಿಂಗ ಕೇಳಬಹುದು, ಉತ್ತರ ನಮ್ಮ ಟೈಮಿನಾಗ ಬರ್ತದ:

```
date -d 'TZ="Australia/Melbourne" 2026-10-05 11:30'
date -d 'TZ="America/Los_Angeles" 2026-11-02 15:00'
```

ಮೊದಲನೇದಕ್ಕೆ ಅಕ್ಟೋಬರ್ 5ರ ಬೆಳಿಗ್ಗೆ 6:00. ಎರಡನೇದಕ್ಕೆ ನವೆಂಬರ್ 3ರ ನಸುಕಿನ 4:30. ತಾರೀಖು ಒಂದು ದಿನ ಮುಂದೆ ಹೋಗಿದ್ದು ನೋಡ್ರಿ, ಕಾಲುವೆಯವರು ಹೇಳಿದ ಶನಿವಾರದ ಮಾತು ಇದೇ.

ಭಾನಾಪುರ ಗೇಟ್

ಬೆಳಗ್ಗೆ ಕರೆಂಟ್ ಹೋದ್ರ ಏನ್ಮಾಡ್ತೀರಿ? ನಮ್ಮ ಕಡೆ ಟೈಮಿಗಿಂತ ಅದೇ ದೊಡ್ಡ ತಲಿನೋವು.

ಸಿಂಧನೂರು ಕಾಲುವೆ

ರೂಟರ್‌ಗೆ ಅಂತಾನೇ 12 ವೋಲ್ಟಿನ ಸಣ್ಣ ಯುಪಿಎಸ್ ಬರ್ತದ, ಅದನ್ನ ಹಾಕ್ರಿ. ಲ್ಯಾಪ್‌ಟಾಪ್ ಅದರ ಬ್ಯಾಟರಿ ಮ್ಯಾಲೆ ನಡೀತದ. ಇನ್ವರ್ಟರ್ ಬೇಕಾಗೋದು ಫ್ಯಾನಿಗೆ. ಮೇ ತಿಂಗಳಾಗ ಫ್ಯಾನಿಲ್ದ ಮಧ್ಯಾಹ್ನದ ನಿದ್ದಿ ಅನ್ನೋ ಮಾತೇ ಇಲ್ಲ.

ದೇವದುರ್ಗದ ಸೊಸೆ

ಅದೇ ನಾ ಹೇಳಬೇಕಂತಿದ್ದೆ. ದಂಡೆ ಸರ್ ಬೇಸಿಗೆಗೆ ರಾತ್ರಿ ಪದ್ಧತಿ ಇಟ್ಟು, ಮಧ್ಯಾಹ್ನ ಒಂದು ತಾಸು ಮಲಗ್ರಿ ಅಂದ್ರು. ನಮ್ಮ ಕಡೆ ಏಪ್ರಿಲ್-ಮೇ ಮಧ್ಯಾಹ್ನ ತಗಡಿನ ಮಾಡಿನ ಕೆಳಗ ಯಾರು ಮಲಗ್ತಾರ? ನಾನು ಎರಡು ಬೇಸಿಗೆ ಹಂಗ ಮಾಡಿದೆ, ರಾತ್ರಿ ಆರು ತಾಸು, ಹಗಲು ಸೊನ್ನೆ. ಮೂರನೇ ವರ್ಷ ಅಮೆರಿಕಾದವರಿಗೆ ಕೇಳಿ ಏಪ್ರಿಲ್-ಮೇಗೆ ಮಾತ್ರ 2 ಗಂಟೆನ 1 ಗಂಟೆ ಮಾಡಿಸ್ಕೊಂಡೆ, 10:30ಕ್ಕೆ ಮುಗೀತದ. ಕೇಳೋತನಕ ಹೆದರಿಕಿ ಇತ್ತು, ಕೇಳಿದ ದಿನಾನೇ ಹ್ಞೂಂ ಅಂದ್ರು.

ಇನ್ನೊಂದು. ನಸುಕಿನ ಪದ್ಧತಿಗೆ 8:30ಕ್ಕೆ ಮಲಗ್ರಿ ಅನ್ನೋದು ಗಂಡಸರಿಗೆ ಸಲೀಸು. ನಮ್ಮನ್ಯಾಗ ಊಟ ಆಗಿ ಭಾಂಡೆ ತಿಕ್ಕೋದ್ರೊಳಗ ಹತ್ತಾಗ್ತದ. ನಿದ್ದಿ ಎಷ್ಟು ತಾಸು ಅನ್ನೋದು ಕಾಗದದ ಮ್ಯಾಲೆ ಬರೀಬ್ಯಾಡ್ರಿ, ಮನಿಯವರ ಜೋಡಿ ಕೂತು ಬರೀರಿ.

ಮಾವಿನಕೆರೆ ದಂಡೆ

ಅಕ್ಕಾರ, ಇದು ನನಗ ಹೊಳೆದಿರಲಿಲ್ಲ. ನಾನು ಊಟ ಮಾಡಿ ಎದ್ದು ಮಲಗೋನು, ಅದಕ್ಕೇ 8:30 ಅಂತ ಬರೆದೆ.

ಗಂಗಾವತಿ ಸೋನಾ

ರಾತ್ರಿ ತಾಸಿಗೆ ರೇಟ್ ಜಾಸ್ತಿ ಕೇಳಬೇಕಲ್ಲ?

ಅಟ್ಟದ ಮೇಲಿನ ಮೇಜು

ಖಂಡಿತ ಕೇಳಬೇಕು. ನಾನು 10 ಗಂಟೆ ದಾಟಿದ್ರೆ ಕಾಲುಭಾಗ ಹೆಚ್ಚು ಹಾಕ್ತೀನಿ.

ಮಾವಿನಕೆರೆ ದಂಡೆ

ನಾನು ಹಾಕೋದಿಲ್ಲ. ಅವರಿಗದು ಹಗಲು, ರಾತ್ರಿ ಆಗಿರೋದು ನಾನಿರೋ ಜಾಗದಿಂದ. ನನ್ನ ಒಟ್ಟು ರೇಟಿನೊಳಗೇ ಅದನ್ನ ಸೇರಿಸಿರ್ತೀನಿ.

ಅಟ್ಟದ ಮೇಲಿನ ಮೇಜು

ಹಂಗೆ ಸೇರಿಸಿದ್ರೆ, ಹಗಲು ಸಿಗೋ ಮೆಲ್ಬರ್ನ್‌ನವರೂ ರಾತ್ರಿ ದುಡ್ಡು ಕೊಟ್ಟಂಗಾಯ್ತಲ್ಲ ಸರ್. ಅದು ಸರಿ ಅನ್ಸಲ್ಲ ನನಗೆ.

ಕೋಟೆ ಕೆಳಗಿನ ಮನೆ, ಅಕ್ಟೋಬರ್ 5

ಎಲ್ರಿಗೂ ಥ್ಯಾಂಕ್ಸ್. ಏನೇನಾಯ್ತು ಅಂತ ಬರೀತೀನಿ.

ಸ್ಯಾನ್ ಫ್ರಾನ್ಸಿಸ್ಕೊದವರನ್ನ ಕೇಳಿದೆ. ಕಾಲ್ ಅರ್ಧ ಗಂಟೆ ಸಾಕಂತೆ, ಉಳಿದ ಒಂದೂವರೆ ಗಂಟೆ ಮೆಸೇಜ್‌ಗೆ ಉತ್ತರ ಕೊಟ್ರೆ ಆಯ್ತಂತೆ. ನವೆಂಬರ್‌ನಿಂದ ಅವರ 3ರಿಂದ 5ಕ್ಕೆ ಬರ್ತೀನಿ ಅಂದೆ. ಶುಕ್ರವಾರ ಮಧ್ಯಾಹ್ನ ಅವರಲ್ಲಿ ಯಾರೂ ಮೀಟಿಂಗ್ ಇಟ್ಕೊಳ್ಳಲ್ಲ ಅಂದ್ರು, ಹಂಗಾಗಿ ನನ್ನ ಶನಿವಾರ ಉಳೀತು.

ಮೆಲ್ಬರ್ನ್‌ನವರು ಸ್ಟ್ಯಾಂಡಪ್ 12:30ಕ್ಕೆ ಒಪ್ಪಲಿಲ್ಲ, ಊಟದ ಟೈಮು ಅಂತ. 12ಕ್ಕೆ ಒಪ್ಪಿದ್ರು. ನನಗದು 6:30. ನವೆಂಬರ್ ಪದ್ಧತಿಗೆ ಸರಿಯಾಗಿ ಕೂರ್ತದೆ, ಒಂದು ಮುಗಿದ ನಿಮಿಷಕ್ಕೆ ಇನ್ನೊಂದು. ಕ್ಯಾಲೆಂಡರ್ ನೋಡಿದ್ರೆ ಹಳೇ ಸ್ಟ್ಯಾಂಡಪ್ ಇವತ್ತಿಗೂ 7ಕ್ಕೇ ನಿಂತಿತ್ತು, ನಾನೇ ಇಲ್ಲಿಯ ಟೈಮಲ್ಲಿ ಹಾಕಿಟ್ಟಿದ್ದೆ. ಅದನ್ನ ಅಳಿಸಿ ಮೆಲ್ಬರ್ನ್ ಆರಿಸಿ ಹೊಸದು ಹಾಕ್ದೆ. ಇವತ್ತೇ ಮೊದಲ ದಿನ. ನಳ ಬಂದಿತ್ತು. 6:25ಕ್ಕೆ ಕೊನೇ ಕೊಡ ತುಂಬಿಸಿ ಮೇಲೆ ಓಡಿದೆ, ಎಲ್ಲರಿಗಿಂತ ಮೊದಲು ನಾನೇ ಕಾಲ್‌ನಲ್ಲಿದ್ದೆ.

ರಾತ್ರಿಯಿಂದ ನಸುಕಿಗೆ ಹೊರಳೋದು ಹೆಂಗೆ ಅನ್ನೋದೊಂದು ಉಳಿದಿದೆ. ಅಕ್ಟೋಬರ್ 30ರ ರಾತ್ರಿ 11:30ಕ್ಕೆ ಕೆಲಸ ಮುಗಿಯುತ್ತೆ, ನವೆಂಬರ್ 3ರ ನಸುಕಿಗೆ 4:30ಕ್ಕೆ ಕೂರಬೇಕು. ನಡುವೆ ಇರೋದು ಮೂರೇ ದಿನ.

ಮಾವಿನಕೆರೆ ದಂಡೆ

ನವೆಂಬರ್ 3 ಮೊದಲ ಮಂಗಳವಾರ, ಕುದುರೆ ರೇಸಿನ ಹಬ್ಬಕ್ಕೆ ಮೆಲ್ಬರ್ನ್‌ಗೆ ರಜೆ ಇರ್ತದ. ಅವತ್ತು ನಿಮಗ ಸ್ಯಾನ್ ಫ್ರಾನ್ಸಿಸ್ಕೊ ಒಂದೇ. 6:30ಕ್ಕೆ ಮುಗಿಸಿ ಮತ್ತೆ ಮಲಗಬಹುದು. ಶನಿವಾರದಿಂದ್ಲೇ ದಿನಾ ಒಂದೊಂದು ತಾಸು ಮೊದಲು ಎದ್ದು ನೋಡ್ರಿ.

ದೇವದುರ್ಗದ ಸೊಸೆ

ಮತ್ತ ಅದರ ಮುಂದಿನ ವಾರನೇ ದೀಪಾವಳಿ. ಆ ಎರಡು ದಿನ ರಜೆ ಅಂತ ಇಬ್ಬರಿಗೂ ಈಗಲೇ ಬರೆದು ಕಳಿಸು ತಂಗಿ, ತಾರೀಖು ಅವರ ಊರಿನದು ಹಾಕು.